250 ದಿನ, 4 ಎಕ್ಸೆಪ್ಶನ್: ಬ್ಯಾಂಕಿನ ರಿಸ್ಕ್ ಮಾಡೆಲ್‌ಗೆ ಈ ಪಾಸ್ ಮಾರ್ಕ್ ಎಲ್ಲಿಂದ ಬಂತು?

ದೊಡ್ಡ ಬ್ಯಾಂಕುಗಳ ಟ್ರೇಡಿಂಗ್ ವಿಭಾಗದಲ್ಲಿ ದಿನವೂ ಒಂದು ಅಂಕಿ ಸಿದ್ಧವಾಗುತ್ತದೆ. ನಾಳೆ ನಷ್ಟವಾದರೂ 100ರಲ್ಲಿ 99 ದಿನ ಅದು ಈ ಮೊತ್ತವನ್ನು ದಾಟುವುದಿಲ್ಲ ಎನ್ನುವ ಅಂದಾಜು ಅದು. ಇದೇ ವ್ಯಾಲ್ಯೂ ಅಟ್ ರಿಸ್ಕ್, ಚಿಕ್ಕದಾಗಿ ವಿಎಆರ್. ನಷ್ಟ ಅದನ್ನು ದಾಟಿದ ದಿನಕ್ಕೆ ಎಕ್ಸೆಪ್ಶನ್ ಅನ್ನುತ್ತಾರೆ. ವರ್ಷದಲ್ಲಿ ಇಂಥ ದಿನ ಎಷ್ಟು ಬಂದವು ಎಂದು ಎಣಿಸಿ ಮಾಡೆಲ್ ಸರಿಯಿದೆಯಾ ಎಂದು ತೀರ್ಮಾನಿಸುವುದು ಬ್ಯಾಕ್‌ಟೆಸ್ಟಿಂಗ್.

1994ರಲ್ಲಿ ಅಮೆರಿಕದ ಬ್ಯಾಂಕ್ ಜೆ.ಪಿ. ಮಾರ್ಗನ್ ವಿಎಆರ್ ಲೆಕ್ಕ ಹಾಕುವ ತನ್ನ ರಿಸ್ಕ್‌ಮೆಟ್ರಿಕ್ಸ್ ವಿಧಾನವನ್ನು ಎಲ್ಲರಿಗೂ ತೆರೆದಿಟ್ಟಿತು. 1996ರಲ್ಲಿ, ಬ್ಯಾಂಕುಗಳಿಗೆ ಜಾಗತಿಕ ನಿಯಮ ರೂಪಿಸುವ ಬಾಸೆಲ್ ಸಮಿತಿ ಇನ್ನೂ ಮುಂದೆ ಹೋಗಿ, ನಷ್ಟ ತುಂಬಲು ಎಷ್ಟು ಬಂಡವಾಳ ಇಡಬೇಕು ಎಂಬುದನ್ನು ಬ್ಯಾಂಕುಗಳು ತಮ್ಮದೇ ಮಾಡೆಲ್‌ನಿಂದ ಲೆಕ್ಕ ಹಾಕಬಹುದು ಎಂದಿತು. ಅಂಕಿ ಕಮ್ಮಿ ತೋರಿಸಿದಷ್ಟೂ ಬ್ಯಾಂಕಿಗೆ ಲಾಭ, ಅಲ್ವಾ? ಅದಕ್ಕೇ ಜೊತೆಯಲ್ಲೇ ಎಣಿಕೆಯ ನಿಯಮವೂ ಬಂತು.

ಆ ನಿಯಮ ಹುಟ್ಟಿದ ರೀತಿಯನ್ನು ನಿಧಾನವಾಗಿ ನೋಡಬೇಕು. ವರ್ಷಕ್ಕೆ ಸುಮಾರು 250 ವಹಿವಾಟಿನ ದಿನ. ಅದರ ಶೇ. 1 ಅಂದರೆ ಸರಾಸರಿ 2.5 ಎಕ್ಸೆಪ್ಶನ್. ಹಾಗಾದರೆ 3 ದಾಟಿದರೆ ಫೇಲ್ ಅನ್ನಬಹುದಾ? ಆಗುವುದಿಲ್ಲ. ಪೂರ್ತಿ ಸರಿಯಿರುವ ಮಾಡೆಲ್‌ಗೂ ಬರೀ ಅದೃಷ್ಟ ಕೆಟ್ಟು 5 ಅಥವಾ ಅದಕ್ಕಿಂತ ಜಾಸ್ತಿ ಎಕ್ಸೆಪ್ಶನ್ ಬರುವ ಸಾಧ್ಯತೆ ಸುಮಾರು ಶೇ. 11. ಇನ್ನೊಂದು ಕಡೆ, 99ರ ಬದಲು ಶೇ. 98 ದಿನ ಮಾತ್ರ ನಿಲ್ಲುವ, ಅಂದರೆ ಎರಡು ಪಟ್ಟು ತಪ್ಪುವ ಮಾಡೆಲ್ ಇದೆ ಅಂದುಕೊಳ್ಳಿ. ಅದಕ್ಕೂ 4 ಅಥವಾ ಕಮ್ಮಿ ಬಂದು ಪಾಸ್ ಆಗುವ ಸಾಧ್ಯತೆ ಶೇ. 44ರಷ್ಟು! ಗೆರೆ ಮೇಲಕ್ಕೆ ಸರಿಸಿದರೆ ಕೆಟ್ಟದ್ದು ನುಸುಳುತ್ತದೆ, ಕೆಳಕ್ಕೆ ಸರಿಸಿದರೆ ಒಳ್ಳೆಯದಕ್ಕೆ ಶಿಕ್ಷೆ. 250 ದಿನದ ದತ್ತಾಂಶ ಇಷ್ಟಕ್ಕೆಲ್ಲ ಸಾಲದು.

ಹಾಗಾಗಿ ಸಮಿತಿ ಒಂದೇ ಗೆರೆ ಎಳೆಯಲಿಲ್ಲ. 4ರವರೆಗೆ ಹಸಿರು, 5ರಿಂದ 9 ಹಳದಿ, 10 ಆದರೆ ಕೆಂಪು. ಸರಿಯಾದ ಮಾಡೆಲ್ 10 ಮುಟ್ಟುವ ಸಾಧ್ಯತೆ ಹತ್ತು ಸಾವಿರಕ್ಕೆ ಮೂರರಷ್ಟೂ ಇಲ್ಲ. ಅದಕ್ಕೇ ಅಲ್ಲಿ ಅನುಮಾನಕ್ಕೆ ಜಾಗವಿಲ್ಲ. ಹಸಿರಿನಲ್ಲಿ ವಿಎಆರ್ ಅನ್ನು 3ರಿಂದ ಗುಣಿಸಿ ಬಂಡವಾಳ ಇಡಬೇಕಿತ್ತು, 5 ಆದರೆ 3.4ರಿಂದ, ಕೆಂಪಿನಲ್ಲಿ 4ರಿಂದ. ಲೆಕ್ಕಕ್ಕೆ ಹಿಡಿಯುವ ಸರಾಸರಿ ವಿಎಆರ್ 100 ಕೋಟಿಯಾದರೆ, 5ನೆಯ ಎಕ್ಸೆಪ್ಶನ್ ಒಂದರಿಂದಲೇ 300 ಕೋಟಿ 340 ಕೋಟಿ ಆಗುತ್ತದೆ.

ಈ ಪಟ್ಟಿಯಲ್ಲಿ ಸೊನ್ನೆ ಕೂಡ ಹಸಿರೇ. 1995ರಲ್ಲೇ ಅರ್ಥಶಾಸ್ತ್ರಜ್ಞ ಪಾಲ್ ಕೂಪಿಯೆಕ್ ಕೊಟ್ಟ ಪರೀಕ್ಷೆ ಹಾಗೆ ಬಿಡುವುದಿಲ್ಲ. ಶೇ. 95ರ ವಿಶ್ವಾಸದ ಮಟ್ಟದಲ್ಲಿ ಅದು 1ರಿಂದ 6ರವರೆಗೆ ಒಪ್ಪುತ್ತದೆ, 7ನ್ನೂ ತಿರಸ್ಕರಿಸುತ್ತದೆ, ಸೊನ್ನೆಯನ್ನೂ ತಿರಸ್ಕರಿಸುತ್ತದೆ. ವರ್ಷವಿಡೀ ಒಮ್ಮೆಯೂ ಮೀರದ ಅಂಕಿ ಬಹುಶಃ ಅಗತ್ಯಕ್ಕಿಂತ ದೊಡ್ಡದು. ಅಂಥ ಅಂಕಿಯನ್ನೇ ಟ್ರೇಡರ್‌ಗಳ ನಷ್ಟದ ಮಿತಿಯಾಗಿ ಇಟ್ಟರೆ ಆ ಮಿತಿ ಯಾರನ್ನೂ ತಡೆಯುವುದಿಲ್ಲ.

ಆದರೆ ಎರಡೂ ವಿಧಾನ ದಿನಾಂಕವನ್ನು ನೋಡುವುದಿಲ್ಲ. ನನ್ನ ಪ್ರಕಾರ ಅಸಲಿ ತೊಡಕು ಇಲ್ಲೇ ಇದೆ. ಎರಡು ಬ್ಯಾಂಕು, ಎರಡಕ್ಕೂ 6 ಎಕ್ಸೆಪ್ಶನ್ ಎಂದುಕೊಳ್ಳಿ. ಮೊದಲನೆಯದರಲ್ಲಿ ಅವು ವರ್ಷವಿಡೀ ಚದುರಿವೆ. ಎರಡನೆಯದರಲ್ಲಿ ಆರೂ ಎರಡೇ ವಾರದಲ್ಲಿ ಬಂದಿವೆ, ಅದರಲ್ಲಿ ಮೂರು ಹಿಂದಿನ ದಿನದ ಎಕ್ಸೆಪ್ಶನ್‌ಗೆ ಅಂಟಿಕೊಂಡೇ ಬಂದಿವೆ. ಮಾಡೆಲ್ ಸರಿಯಿದ್ದರೆ ಎಕ್ಸೆಪ್ಶನ್ ಆದ ಮರುದಿನವೂ ಇನ್ನೊಂದು ಬರುವ ಸಾಧ್ಯತೆ ಶೇ. 1 ಮಾತ್ರ ಇರಬೇಕು. ಇಲ್ಲಿ ಅದು 6ಕ್ಕೆ 3, ಅಂದರೆ ಶೇ. 50. ಮಾರುಕಟ್ಟೆ ಬದಲಾದರೂ ಈ ಮಾಡೆಲ್ ಹಳೇ ಅಂಕಿಯಲ್ಲೇ ನಿಂತಿದೆ. ಕಳೆದ ಒಂದೆರಡು ವರ್ಷದ ದಿನಗಳನ್ನೆಲ್ಲ ಸಮವಾಗಿ ತೂಗುವ ವಿಧಾನಗಳಲ್ಲಿ ಹೀಗಾಗುವುದು ಸಹಜ. ಶಾಂತ ದಿನಗಳೇ ಜಾಸ್ತಿ ಇರುವುದರಿಂದ ಹೊಸ ಏರಿಳಿತ ಅಂಕಿಗೆ ಇಳಿಯಲು ತಿಂಗಳುಗಳೇ ಬೇಕು. 1998ರಲ್ಲಿ ಪೀಟರ್ ಕ್ರಿಸ್ಟೊಫರ್ಸನ್ ಇದನ್ನು ಹಿಡಿಯುವ ಪರೀಕ್ಷೆ ಪ್ರಕಟಿಸಿದರು. ಬಾಸೆಲ್‌ನ ಗುಣಕದ ಪಟ್ಟಿಗೆ ಅದು ಸೇರಲಿಲ್ಲ.

2008ರಲ್ಲಿ ಎಕ್ಸೆಪ್ಶನ್‌ಗಳು ಹೀಗೇ ಗುಂಪುಗುಂಪಾಗಿ ಬಂದವು, 2020ರ ಮಾರ್ಚ್‌ನಲ್ಲಿ ಮತ್ತೆ ಬಂದವು. ಆ ವರ್ಷ ಯುರೋಪಿನ ಕಾನೂನು ಬದಲಾಯಿತು. ಮಾಡೆಲ್‌ನ ದೋಷದಿಂದ ಆಗದ ಎಕ್ಸೆಪ್ಶನ್‌ಗಳನ್ನು ಎಣಿಕೆಯಿಂದ ಬಿಡಲು ನಿಯಂತ್ರಕರಿಗೆ ಅವಕಾಶ ಸಿಕ್ಕಿತು. ಬಿಕ್ಕಟ್ಟಿನ ನಡುವೆ ಬಂಡವಾಳದ ಹೊರೆ ಏರಿದರೆ ಬ್ಯಾಂಕು ಸಾಲ ನಿಲ್ಲಿಸುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಹಿಂದುಳಿದ ಮಾಡೆಲ್ ಯಾವುದು, ನಿಜಕ್ಕೂ ಊಹೆಗೆ ಸಿಗದ ದಿನ ಯಾವುದು ಎಂದು ಬೇರ್ಪಡಿಸುವುದು ಬಹಳ ಕಷ್ಟ. ಸತತ ಮೂರನೇ ದಿನದ ಎಕ್ಸೆಪ್ಶನ್ ಕೂಡ ಅನಿರೀಕ್ಷಿತ ಎಂಬ ವಾದವನ್ನು ನಾನು ಒಪ್ಪಲಾರೆ.

ಬಾಸೆಲ್‌ನ 2019ರ ಅಂತಿಮ ನಿಯಮದಲ್ಲಿ ಬಂಡವಾಳದ ಅಳತೆ ವಿಎಆರ್‌ನಿಂದ ಎಕ್ಸ್‌ಪೆಕ್ಟೆಡ್ ಶಾರ್ಟ್‌ಫಾಲ್‌ಗೆ ಬದಲಾಯಿತು. ಗೆರೆ ದಾಟಿದ ಮೇಲೆ ಸರಾಸರಿ ನಷ್ಟ ಎಷ್ಟು ಎಂದು ಅದು ಹೇಳುತ್ತದೆ. ಎಣಿಕೆ ಮಾತ್ರ ಈಗಲೂ ವಿಎಆರ್ ಮೇಲೆಯೇ. ಇಡೀ ಬ್ಯಾಂಕಿಗೆ ಹಳೆಯ 5 ಮತ್ತು 10ರ ಗೆರೆಗಳೇ ಉಳಿದಿವೆ. ಜೊತೆಗೆ ಪ್ರತಿ ಟ್ರೇಡಿಂಗ್ ಡೆಸ್ಕ್‌ಗೂ ಬೇರೆ ಪರೀಕ್ಷೆ ಬಂದಿದೆ. ಶೇ. 99ರ ವಿಎಆರ್ ವರ್ಷದಲ್ಲಿ 12ಕ್ಕಿಂತ ಹೆಚ್ಚು ಸಲ, ಅಥವಾ ಶೇ. 97.5ರದ್ದು 30ಕ್ಕಿಂತ ಹೆಚ್ಚು ಸಲ ಮೀರಿದರೆ ಆ ಡೆಸ್ಕ್ ತನ್ನ ಮಾಡೆಲ್ ಬಿಟ್ಟು ಸಾಮಾನ್ಯ ಸೂತ್ರಕ್ಕೆ ಹೋಗಬೇಕು. ಆ 12 ದಿನಗಳು ಒಂದೇ ತಿಂಗಳಲ್ಲಿ ಬಂದವೋ ವರ್ಷವಿಡೀ ಬಂದವೋ ಎಂಬುದು ಈ ಮಿತಿಗಳ ಲೆಕ್ಕದಲ್ಲಿ ಇನ್ನೂ ಇಲ್ಲ.