ವಾಪಸ್ ಬಂದ ಶುಲ್ಕ ಮತ್ತೆ ಬಿಲ್ಲಿನಲ್ಲಿ: ಬ್ಯಾಂಕಿಗೆ ಇಮೇಲ್ ಬರೆಯುವುದು ಹೇಗೆ?

ಪ್ರಶ್ನೆ: ನಾನು ಕೇಳದೇ ಇದ್ದ ವಿಮಾ ಯೋಜನೆಯೊಂದರ ಶುಲ್ಕ ಏಪ್ರಿಲ್‌ನಿಂದ ಪ್ರತಿ ತಿಂಗಳೂ ನನ್ನ ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ಸೇರುತ್ತಿದೆ. ಫೋನ್ ಮಾಡಿದಾಗ ಒಮ್ಮೆ 299 ರೂಪಾಯಿ ಹಿಂದಿರುಗಿಸಿದರು, ಆದರೆ ಮುಂದಿನ ತಿಂಗಳು ಅದು ಮತ್ತೆ ಬಂದಿತು. ಇಮೇಲ್‌ನಲ್ಲಿ ಏನು ಬರೆಯಬೇಕು?

ಉತ್ತರ: ಗ್ರಾಹಕ ಸೇವಾ ಕೇಂದ್ರದವರು ಆ ತಿಂಗಳ ಮೊತ್ತವನ್ನಷ್ಟೇ ಹಿಂದಿರುಗಿಸಿ ದೂರನ್ನು ಮುಗಿಸಿದ್ದಾರೆ; ಶುಲ್ಕಕ್ಕೆ ಮೂಲವಾದ ವಿಮೆಯ ನೋಂದಣಿ ಹಾಗೆಯೇ ಉಳಿದಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಹಣ ವಾಪಸ್ ಕೊಡಿ ಎಂದಷ್ಟೇ ಕೇಳಿದರೆ ಸಾಲದು, ನೋಂದಣಿಯ ರದ್ದತಿಯನ್ನೂ ಕೇಳಬೇಕು.

ಮೊದಲು ಲೆಕ್ಕವನ್ನು ಸರಿಮಾಡಿಕೊಳ್ಳಿ. 299 ರೂಪಾಯಿಗೆ ಶೇ 18ರ ಜಿಎಸ್‌ಟಿ ಸೇರಿದರೆ ತಿಂಗಳಿಗೆ 352.82 ರೂಪಾಯಿ, ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಿಗೆ 1,058.46 ರೂಪಾಯಿ. ಹಿಂದಿರುಗಿದ 299 ರೂಪಾಯಿಯನ್ನು ಕಳೆದರೆ ಬರಬೇಕಾದದ್ದು 759.46 ರೂಪಾಯಿ. ಮೊದಲ ತಿಂಗಳ ಜಿಎಸ್‌ಟಿ 53.82 ರೂಪಾಯಿ ವಾಪಸ್ ಬಂದಿಲ್ಲವೆಂಬುದು ಇದರಿಂದ ತಿಳಿಯುತ್ತದೆ; ಹಲವರ ಕಣ್ಣಿಗೆ ಬೀಳದೇ ಹೋಗುವುದು ಇದೇ.

ಬ್ಯಾಂಕಿನಲ್ಲಿ ನೋಂದಾಯಿಸಿದ ಇಮೇಲ್ ವಿಳಾಸದಿಂದಲೇ ಹೀಗೆ ಬರೆಯಿರಿ:

> ವಿಷಯ: 1234ರಿಂದ ಕೊನೆಗೊಳ್ಳುವ ಕಾರ್ಡಿಗೆ ಒಪ್ಪಿಗೆಯಿಲ್ಲದ ವಿಮಾ ಶುಲ್ಕ, ಮೂರನೆಯ ಬಾರಿ
>
> ಮಾನ್ಯರೇ, ಏಪ್ರಿಲ್, ಮೇ ಮತ್ತು ಜೂನ್ ತಿಂಗಳ ಬಿಲ್ಲುಗಳಲ್ಲಿ ತಲಾ 352.82 ರೂಪಾಯಿ ವಿಮಾ ಶುಲ್ಕವನ್ನು ವಿಧಿಸಲಾಗಿದೆ. ನಾನು ಈ ವಿಮೆಗೆ ಒಪ್ಪಿಗೆ ನೀಡಿಲ್ಲ. ಏಪ್ರಿಲ್‌ನಲ್ಲಿ ದೂರು ನೀಡಿದಾಗ (ದೂರು ಸಂಖ್ಯೆ ……) 299 ರೂಪಾಯಿ ಮಾತ್ರ ಹಿಂದಿರುಗಿತು. ದಯವಿಟ್ಟು ವಿಮೆಯ ನೋಂದಣಿಯನ್ನು ರದ್ದುಪಡಿಸಿ, ಬಾಕಿ 759.46 ರೂಪಾಯಿಯನ್ನೂ ಈ ಮೊತ್ತದ ಮೇಲೆ ಬಡ್ಡಿ ಬಿದ್ದಿದ್ದರೆ ಅದನ್ನೂ ಕಾರ್ಡಿಗೆ ಜಮಾ ಮಾಡಿ, ರದ್ದತಿಯನ್ನು ಲಿಖಿತವಾಗಿ ದೃಢಪಡಿಸಿ. ನಾನು ಒಪ್ಪಿದ್ದೇನೆಂದು ನೀವು ಭಾವಿಸುವುದಾದರೆ ಅದರ ದಾಖಲೆಯನ್ನು ಕಳುಹಿಸಿ.

ಕೊನೆಯ ವಾಕ್ಯವನ್ನು ಬಿಡಬೇಡಿ. ಬಿಲ್ಲನ್ನು ಆಕ್ಷೇಪಿಸಿದ ಕಾರ್ಡುದಾರರಿಗೆ ದೂರಿನ ದಿನದಿಂದ ಹೆಚ್ಚೆಂದರೆ 30 ದಿನಗಳೊಳಗೆ ವಿವರಣೆ ನೀಡಬೇಕು, ಅಗತ್ಯವಿದ್ದರೆ ದಾಖಲೆಯನ್ನೂ ಒದಗಿಸಬೇಕು ಎಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳು ಹೇಳಿವೆ. ಫೋನಿನಲ್ಲಿ ಒಪ್ಪಿದ್ದೀರಿ ಎಂಬ ಉತ್ತರ ಬಂದರೆ, ಆ ಕರೆಯ ಧ್ವನಿಮುದ್ರಣವನ್ನು ಕೇಳಿ.

ಪುರಾವೆಯಾಗಿ ಮೂರೂ ತಿಂಗಳ ಪೂರ್ಣ ಸ್ಟೇಟ್‌ಮೆಂಟ್‌ಗಳ ಪಿಡಿಎಫ್ ಪ್ರತಿಗಳನ್ನೂ ಹಿಂದಿನ ದೂರಿನ ಎಸ್‌ಎಂಎಸ್ ಚಿತ್ರವನ್ನೂ ಲಗತ್ತಿಸಿ. ಮೊತ್ತವನ್ನಷ್ಟೇ ಕತ್ತರಿಸಿದ ಚಿತ್ರದಲ್ಲಿ ದಿನಾಂಕವಾಗಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳಾಗಲಿ ಇರುವುದಿಲ್ಲವಾದ್ದರಿಂದ ಅದು ಸಾಕಾಗದು. ಕಾರ್ಡಿನ ಪೂರ್ಣ ಸಂಖ್ಯೆ, ಸಿವಿವಿ, ಒಟಿಪಿಗಳನ್ನು ಮಾತ್ರ ಎಲ್ಲಿಯೂ ಬರೆಯಬೇಡಿ.

ಉತ್ತರದೊಡನೆ ಬರುವ ದೂರು ಸಂಖ್ಯೆಯನ್ನು ಕಾಪಾಡಿಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಬ್ಯಾಂಕಿಗೆ ಮೊದಲು ಬರೆದಿರಬೇಕೆಂಬುದು ಅಲ್ಲಿನ ನಿಯಮ. ಈ ಇಮೇಲ್ ಅದಕ್ಕೂ ಆಧಾರವಾಗುತ್ತದೆ.