ಪೈರು ಮಲಗುವುದೇಕೆ, ಗಿಡ್ಡ ತಳಿ ನಿಲ್ಲುವುದೇಕೆ

ಅಕ್ಟೋಬರ್‌ನಲ್ಲಿ ಗಾಳಿ ಸಮೇತ ಒಂದು ಜೋರು ಮಳೆ ಬಂದು ಹೋದ ಮೇಲೆ ಹೊಸಕೋಟೆ, ದೇವನಹಳ್ಳಿ ಕಡೆಯ ರಾಗಿ ಹೊಲಗಳನ್ನು ನೋಡಿ. ಅಲ್ಲಲ್ಲಿ ಪೈರು ಚಾಪೆ ಹಾಸಿದ ಹಾಗೆ ಮಲಗಿರುತ್ತದೆ. ಆದರೆ ಮಲಗಿರುವುದು ಬಡಕಲು ಪೈರಲ್ಲ. ಗೊಬ್ಬರ ಕಮ್ಮಿ ಬಿದ್ದ ಮೂಲೆಯಲ್ಲಿ ಸಣ್ಣ ತೆನೆಯ ಗಿಡಗಳು ಆರಾಮಾಗಿ ನಿಂತಿರುತ್ತವೆ. ಯೂರಿಯಾ ಜಾಸ್ತಿ ಬಿದ್ದು, ಕಡು ಹಸಿರಾಗಿ, ಸೊಂಪಾಗಿ ಬೆಳೆದ ಜಾಗವೇ ನೆಲ ಕಚ್ಚಿರುತ್ತದೆ.

ಮಲಗಿದ ಒಂದು ಗಿಡವನ್ನು ಹಿಡಿದು ಬುಡ ನೋಡಿದರೆ ಕಾರಣ ಅರ್ಧ ಸಿಗುತ್ತದೆ. ಕೆಳಗಿನ ಒಂದೆರಡು ಗೆಣ್ಣುಗಳ ನಡುವೆ ಕಾಂಡ ಮಡಚಿಕೊಂಡಿದ್ದರೆ ಸೋತಿದ್ದು ಕಾಂಡ. ಕಾಂಡ ನೆಟ್ಟಗೇ ಇದ್ದು, ಗಿಡ ಪೂರ್ತಿ ಒಂದು ಕಡೆ ವಾಲಿ, ಬುಡದ ಮಣ್ಣು ಸ್ವಲ್ಪ ಎದ್ದಿದ್ದರೆ ಸೋತಿದ್ದು ಬೇರಿನ ಹಿಡಿತ. ನೆನೆದ ಸಡಿಲ ಮಣ್ಣಿನಲ್ಲಿ ಎರಡನೆಯದು ಜಾಸ್ತಿ. ಇವೆರಡನ್ನೂ ಒಂದೇ ಎಂದುಕೊಂಡರೆ ಪರಿಹಾರವೂ ತಪ್ಪುತ್ತದೆ.

ಕಾಂಡ ಮಡಚುವ ಲೆಕ್ಕ ಸರಳ. ಬುಡದ ಮೇಲೆ ಬೀಳುವ ಒತ್ತಡ ಎರಡು ಸಂಗತಿಗಳ ಗುಣಲಬ್ಧ: ಮೇಲಿನ ಭಾಗದ ತೂಕ, ಮತ್ತು ಆ ತೂಕ ಬುಡದಿಂದ ಎಷ್ಟು ದೂರ ಪಕ್ಕಕ್ಕೆ ವಾಲಿದೆ ಎಂಬುದು. ಗಿಡ ಎತ್ತರವಾದಷ್ಟೂ ಗಾಳಿಗೆ ತೆನೆ ದೂರ ವಾಲುತ್ತದೆ. ಕಾಳು ಕಟ್ಟಿದ ತೆನೆ ಮಳೆಯಲ್ಲಿ ನೆನೆದರೆ ತೂಕವೂ ಏರುತ್ತದೆ. ಇನ್ನು ಸಾರಜನಕ ಜಾಸ್ತಿಯಾದರೆ ತೆಂಡೆಗಳು ಹೆಚ್ಚಿ, ಎಲೆ ದಟ್ಟವಾಗಿ, ಬುಡಕ್ಕೆ ಬೆಳಕು ಬೀಳುವುದಿಲ್ಲ. ನೆರಳಲ್ಲಿ ಬೆಳೆದ ಕೆಳಗಿನ ಗೆಣ್ಣುಗಳ ನಡುವಿನ ಭಾಗ ಉದ್ದವಾಗಿ, ಅದರ ಗೋಡೆ ತೆಳುವಾಗುತ್ತದೆ. ಅಂದರೆ ಮೇಲೆ ಭಾರ ಏರುವ ಹೊತ್ತಿಗೇ ಕೆಳಗೆ ಬಲ ಕಮ್ಮಿಯಾಗಿರುತ್ತದೆ.

ಎಳೆ ಪೈರು ಮಲಗಿದರೆ ಗೆಣ್ಣುಗಳ ಹತ್ತಿರ ಬಾಗಿ ಮತ್ತೆ ತಲೆ ಎತ್ತುತ್ತದೆ. ಕಾಳು ಕಟ್ಟುವ ಹೊತ್ತಲ್ಲಿ ಮಲಗಿದರೆ ಆ ಶಕ್ತಿ ಇರುವುದಿಲ್ಲ. ಎಲೆ ಮೇಲೆ ಎಲೆ ಬಿದ್ದು ಬಿಸಿಲು ತಪ್ಪಿ ಕಾಳು ಜೊಳ್ಳಾಗುತ್ತದೆ, ತೇವದಲ್ಲಿ ತೆನೆಯಲ್ಲೇ ಮೊಳಕೆ ಬರುತ್ತದೆ, ಕೊಯ್ಲಿನ ಯಂತ್ರಕ್ಕೂ ಸಿಗುವುದಿಲ್ಲ.

1950ರ ದಶಕದಲ್ಲಿ ಏಷ್ಯಾದ ಭತ್ತ ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಗೊಬ್ಬರ ಹಾಕಿದರೆ ಎತ್ತರದ ನಾಟಿ ತಳಿಗಳು ಮಲಗುತ್ತಿದ್ದವು, ಹಾಕದಿದ್ದರೆ ಇಳುವರಿ ಏರುತ್ತಿರಲಿಲ್ಲ. ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಪೀಟರ್ ಜೆನ್ನಿಂಗ್ಸ್ 1962ರಲ್ಲಿ ಎತ್ತರದ ಪೇಟಾ ತಳಿಯನ್ನು ತೈವಾನಿನ ಗಿಡ್ಡ ತಳಿ ಡೀ-ಜಿಯೋ-ವೂ-ಜೆನ್ ಜೊತೆ ಕೂಡಿಸಿದರು. ಮೊದಲ ಪೀಳಿಗೆಯ ಗಿಡಗಳೆಲ್ಲ ಎತ್ತರ! ಅವುಗಳ ಬೀಜ ಬಿತ್ತಿ ಬೆಳೆಸಿದ ಎರಡನೇ ಪೀಳಿಗೆಯಲ್ಲಿ ಮಾತ್ರ ಸುಮಾರು ಕಾಲು ಭಾಗ ಗಿಡಗಳು ಗಿಡ್ಡ. ಮುಕ್ಕಾಲು ಎತ್ತರ, ಕಾಲು ಗಿಡ್ಡ ಅಂದರೆ ಇದರ ಹಿಂದೆ ಇರುವುದು ಒಂದೇ ಜೀನು, ಗಿಡ್ಡತನ ಅದರ ಅಡಗಿದ ಗುಣ ಎಂದು ಗೊತ್ತಾಯಿತು. ತಳಿಗಾರನಿಗೆ ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ. ಗಿಡ್ಡಗಿರುವ ಗಿಡವನ್ನು ಆರಿಸಿಕೊಂಡರೆ ಸಾಕು, ಆ ಗುಣ ಮತ್ತೆ ಒಡೆಯುವುದಿಲ್ಲ. ಈ ಸಾಲಿನಿಂದ ಬಂದ ಐಆರ್8 ಬಿಡುಗಡೆಯಾಗಿದ್ದು 1966ರಲ್ಲಿ.

ಆ ಜೀನಿನ ಹೆಸರು sd1. ಗಿಡವನ್ನು ಉದ್ದ ಎಳೆಯುವ ಹಾರ್ಮೋನು ಜಿಬ್ಬರೆಲ್ಲಿನ್. ಅದನ್ನು ತಯಾರಿಸುವ ಸಾಲಿನ ಒಂದು ಕಿಣ್ವವನ್ನು ಈ ಜೀನು ಕೊಡಬೇಕು. ಡೀ-ಜಿಯೋ-ವೂ-ಜೆನ್‌ನಲ್ಲಿ ಜೀನಿನ ಒಂದು ತುಂಡೇ ಹಾರಿಹೋಗಿದೆ, ಹಾಗಾಗಿ ಕಿಣ್ವ ಕೆಲಸ ಮಾಡುವುದಿಲ್ಲ ಎಂದು 2002ರಲ್ಲಿ ಪತ್ತೆಯಾಯಿತು. ಹಾರ್ಮೋನು ಕಮ್ಮಿ, ಕಾಂಡ ಗಿಡ್ಡ. ಹೂವಿನಲ್ಲಿ ಅದೇ ಕೆಲಸಕ್ಕೆ ಇನ್ನೊಂದು ಜೀನು ಇರುವುದರಿಂದ ಕಾಳು ಕಟ್ಟುವುದಕ್ಕೆ ತೊಂದರೆ ಆಗಲಿಲ್ಲ.

ಗೋಧಿಯ ಕಥೆ ಬೇರೆ. ಜಪಾನಿನ ನೊರಿನ್ 10 ತಳಿಯಿಂದ ಮೆಕ್ಸಿಕೋ ಮೂಲಕ ನಮ್ಮ ಉತ್ತರ ಭಾರತಕ್ಕೆ ಬಂದ ಗಿಡ್ಡ ಜೀನುಗಳಲ್ಲಿ ಹಾರ್ಮೋನಿಗೆ ಕೊರತೆ ಇಲ್ಲ. ಬೆಳವಣಿಗೆಗೆ ಬ್ರೇಕ್ ಹಾಕುವ ಒಂದು ಪ್ರೋಟೀನು ಅಲ್ಲಿದೆ. ಸಾಮಾನ್ಯವಾಗಿ ಜಿಬ್ಬರೆಲ್ಲಿನ್ ಬಂದ ಕೂಡಲೇ ಅದು ನಾಶವಾಗಬೇಕು. ಇಲ್ಲಿ ನಾಶವಾಗುವುದಿಲ್ಲ. ಇವೆರಡನ್ನೂ ಪತ್ತೆ ಹಚ್ಚುವುದು ಸುಲಭ: ಸಸಿಗಳಿಗೆ ಜಿಬ್ಬರೆಲ್ಲಿನ್ ಸಿಂಪಡಿಸಿ. sd1 ಇರುವ ಭತ್ತ ಉದ್ದ ಬೆಳೆಯುತ್ತದೆ. ನೊರಿನ್ ಜೀನಿನ ಗೋಧಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಗಿಡ್ಡ ತಳಿ ಬರೀ ಮಲಗುವುದನ್ನು ತಪ್ಪಿಸಿತು ಅಂತ ಅಂದುಕೊಳ್ಳುವವರೇ ಜಾಸ್ತಿ. ಅದು ಅರ್ಧ ಸತ್ಯ. ಗೋಧಿಯಲ್ಲಿ ಕಾಂಡ ಉದ್ದವಾಗುವುದೂ ತೆನೆ ರೂಪುಗೊಳ್ಳುವುದೂ ಬಹುಮಟ್ಟಿಗೆ ಒಂದೇ ಹೊತ್ತಿನಲ್ಲಿ ನಡೆಯುತ್ತದೆ. ಎಲೆ ತಯಾರಿಸಿದ ಸಕ್ಕರೆಗೆ ಎರಡೂ ಕಡೆಯಿಂದ ಜಗ್ಗಾಟ. ಕಾಂಡ ಕಮ್ಮಿ ಕೇಳಿದಾಗ ತೆನೆಯಲ್ಲಿ ಜಾಸ್ತಿ ಹೂವು ಉಳಿದು ಕಾಳಾಗುತ್ತವೆ. ಗಾಳಿಯೇ ಬೀಸದಿದ್ದರೂ ಈ ಲಾಭ ಸಿಗುತ್ತದೆ.

ಇದನ್ನು ಅಳೆಯುವುದೇ ಕೊಯ್ಲು ಸೂಚ್ಯಂಕ. ಒಂದು ಚದರ ಮೀಟರ್ ಪೈರನ್ನು ನೆಲದ ಮಟ್ಟಕ್ಕೆ ಕೊಯ್ದು, ಒಣಗಿಸಿ, ತೂಗಿ. ಹಳೆ ತಳಿಯಲ್ಲಿ ಹುಲ್ಲು, ಕಾಳು ಸೇರಿ 1,200 ಗ್ರಾಂ, ಅದರಲ್ಲಿ ಕಾಳು 400 ಎಂದಿಟ್ಟುಕೊಳ್ಳಿ. ಸೂಚ್ಯಂಕ 0.33. ಗಿಡ್ಡ ತಳಿಯದ್ದೂ ಒಟ್ಟು 1,200 ಗ್ರಾಂ, ಆದರೆ ಕಾಳು 600 ಆದರೆ 0.5. ಹೊಲ ತಯಾರಿಸಿದ ಒಟ್ಟು ಪದಾರ್ಥ ಅಷ್ಟೇ, ಪಾಲು ಮಾತ್ರ ಬದಲಾಗಿದೆ. ಗೋಧಿಯ ಹಳೆ, ಹೊಸ ತಳಿಗಳ ನಡುವಿನ ನಿಜವಾದ ವ್ಯತ್ಯಾಸವೂ ಹೆಚ್ಚುಕಮ್ಮಿ ಇಷ್ಟೇ.

ಹೊಸಬರು ಎಡವುವ ಜಾಗ ಒಂದಿದೆ. ಕೊಯ್ಯುವಾಗ ಒಂದು ಗೇಣು ಕೂಳೆ ಬಿಟ್ಟರೆ ಹುಲ್ಲಿನ ತೂಕ ಕಮ್ಮಿಯಾಗಿ, ಸೂಚ್ಯಂಕ ಸುಮ್ನೆ ಮೇಲೇರುತ್ತದೆ. ಹಸಿ ಹುಲ್ಲು, ಒಣ ಕಾಳು ತೂಗಿದರೆ ಉಲ್ಟಾ. ಮತ್ತೆ, ಇದು ಎಷ್ಟು ಬೇಕಾದರೂ ಏರುವ ಅಂಕಿ ಅಲ್ಲ. ತೆನೆ ಹೊರಲು ಕಾಂಡ ಬೇಕು, ಸಕ್ಕರೆ ಮಾಡಲು ಎಲೆ ಬೇಕು. ಗೋಧಿಗೆ 0.6ರ ಆಸುಪಾಸು ಗಡಿ ಎಂಬುದು ಲೆಕ್ಕಾಚಾರ. ತೀರಾ ಗಿಡ್ಡ ಮಾಡಿದರೆ ಎಲೆಗಳು ಒತ್ತೊತ್ತಾಗಿ ಒಂದಕ್ಕೊಂದು ನೆರಳಾಗಿ ಒಟ್ಟು ತೂಕವೇ ಬೀಳುತ್ತದೆ. ನೊರಿನ್ ಜೀನು ಮೊಳಕೆಯ ಕವಚವನ್ನೂ ಗಿಡ್ಡ ಮಾಡುವುದರಿಂದ, ತೇವ ಹುಡುಕಿ ಆಳಕ್ಕೆ ಬಿತ್ತಿದ ಬೀಜ ಮೇಲೆ ಬರಲು ಒದ್ದಾಡುತ್ತದೆ.

ಹಾಗಾದರೆ ನಮ್ಮ ರಾಗಿಗೂ ಇದೇ ಮಾಡಬಹುದಲ್ವಾ? ಇಲ್ಲಿ ಎರಡು ತೊಡಕು. ರಾಗಿಯಲ್ಲಿ ಎರಡು ಪೂರ್ವಜರ ಜೀನು ಗುಂಪುಗಳು ಸೇರಿಕೊಂಡಿವೆ, ಪ್ರತಿ ಜೀನಿಗೂ ಸಾಮಾನ್ಯವಾಗಿ ಒಂದು ಜೋಡಿ ಇರುತ್ತದೆ. sd1 ಥರ ಕೆಟ್ಟ ಜೀನು ಒಂದು ಗುಂಪಿನಲ್ಲಿ ಸಿಕ್ಕಿದರೂ ಇನ್ನೊಂದು ಗುಂಪಿನದ್ದು ಆ ಕೆಲಸ ಮಾಡಿಬಿಡಬಹುದು. ನೊರಿನ್ ಮಾದರಿಯ ಬ್ರೇಕಿಗೆ ಆ ತೊಂದರೆ ಕಮ್ಮಿ. ಮೂರು ಗುಂಪುಗಳಿರುವ ಗೋಧಿಯಲ್ಲಿ ಒಂದೇ ಗುಂಪಿನಲ್ಲಿ ಬದಲಾದರೂ ಸಾಕಾಗಿದ್ದು ಅದಕ್ಕೇ. ಎರಡನೇ ತೊಡಕು ಹುಲ್ಲು. ಎರಡು ಹಸು ಕಟ್ಟಿರುವ ಮನೆಗೆ ರಾಗಿ ಹುಲ್ಲಿನ ಮೆದೆ ಅಂದರೆ ಬೇಸಿಗೆಯ ಮೇವು. ಸೂಚ್ಯಂಕ 0.5 ಎಂದು ಹೊಗಳುವವರು ಆ ಮನೆಯ ಲೆಕ್ಕ ಕೇಳಿರುವುದಿಲ್ಲ. ನನ್ನ ಪ್ರಕಾರ ರಾಗಿಗೆ ಬೇಕಿರುವುದು ತೀರಾ ಗಿಡ್ಡ ಗಿಡ ಅಲ್ಲ, ಕೆಳಗಿನ ಗೆಣ್ಣು ಗಟ್ಟಿಯಾದ ನಡುಎತ್ತರದ ಗಿಡ.

ತಳಿ ಬರುವ ತನಕ ಹೊಲದಲ್ಲೇ ಮಾಡಬಹುದಾದ ಕೆಲಸ ಇದೆ. ಸಾರಜನಕವನ್ನು ಒಂದೇ ಸಲ ಸುರಿಯದೆ, ಅರ್ಧ ಬಿತ್ತುವಾಗ, ಉಳಿದದ್ದು ತಿಂಗಳಾದ ಮೇಲೆ ತೇವ ನೋಡಿಕೊಂಡು ಕೊಡಿ. ಸಾಲು ಒತ್ತಾಗಿದ್ದರೆ ತೆಳುಗೊಳಿಸಿ, ಬುಡಕ್ಕೆ ಬೆಳಕು ಬೀಳಲಿ. ಮುಂದಿನ ಸಲ ಪೈರು ಮಲಗಿದಾಗ ಬುಡ ಕಿತ್ತು ನೋಡಿ. ಕಾಂಡ ಮಡಚಿದ್ದರೆ ಗೊಬ್ಬರದ ಪ್ರಮಾಣ ಇಳಿಸಬೇಕು, ಬೇರು ಸಡಿಲವಾಗಿದ್ದರೆ ಕುಂಟೆ ಹೊಡೆಯುವಾಗ ಬುಡಕ್ಕೆ ಮಣ್ಣು ಏರಿಸಬೇಕು.