ಐದು ಪರ್ಸೆಂಟೋ, ಸೂಚ್ಯಂಕವೋ: ಒಂಬತ್ತು ವರ್ಷದ ಅಂಗಡಿ ಬಾಡಿಗೆಯ ಲೆಕ್ಕ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಮಳಿಗೆಯೊಂದರ ಬಾಡಿಗೆ ಕುದುರಿಸುವಾಗ ಡಿಪಾಸಿಟ್ ಮತ್ತು ಮೊದಲ ತಿಂಗಳ ಬಾಡಿಗೆಯ ಮೇಲೆ ಗಂಟೆಗಟ್ಟಲೆ ಮಾತು ನಡೆಯುತ್ತದೆ. ಏರಿಕೆಯ ವಿಷಯ ಬಂದಾಗ ಮಾತ್ರ ಒಂದೇ ಸಾಲಿನಲ್ಲಿ ಮುಗಿಯುತ್ತದೆ: “ವರ್ಷಾ ಐದು ಹಿಡೀರಿ, ಇಲ್ಲಾಂದ್ರ ಮೂರು ವರ್ಷಕ್ಕ ಹದಿನೈದು. ಎರಡೂ ಒಂದ ಅಲ್ರೀ?” ಒಂದೇ ಅಲ್ಲ. ಇವೆರಡನ್ನೂ ಬಿಟ್ಟು, ಹಣದುಬ್ಬರ ಏರಿದಷ್ಟೇ ಬಾಡಿಗೆಯೂ ಏರಲಿ ಎನ್ನುವ ಮೂರನೆಯ ದಾರಿಯೂ ಇದೆ. ಈಚೆಗೆ ದೊಡ್ಡ ಶೋರೂಂಗಳ ಕರಾರುಗಳಲ್ಲಿ ಅದೂ ಕಾಣಿಸುತ್ತದೆ.

ಮೂರನ್ನೂ ನಿಜವಾಗಿ ಕಳೆದುಹೋದ ಒಂಬತ್ತು ವರ್ಷಗಳ ಮೇಲೆ ಇಟ್ಟು ನೋಡೋಣ. ತಿಂಗಳಿಗೆ 40,000 ರೂಪಾಯಿ ಬಾಡಿಗೆಯ ಮಳಿಗೆ, ಕರಾರು 2016ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಎಂದುಕೊಳ್ಳಿ. ವರ್ಷಕ್ಕೆ 5ರಂತೆ, ಹಿಂದಿನ ವರ್ಷದ ಬಾಡಿಗೆಯ ಮೇಲೆ ಏರಿಸುತ್ತ ಹೋದರೆ ಒಂಬತ್ತನೆಯ ವರ್ಷ 59,098 ರೂಪಾಯಿ ಆಗುತ್ತದೆ. ಹಣದುಬ್ಬರಕ್ಕೆ ಕಟ್ಟಿದ್ದರೆ? ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ 2016-17ರ ಸರಾಸರಿ ಹಣದುಬ್ಬರ ಶೇ 4.5. ಅದರ ಮುಂದಿನ ಎರಡು ವರ್ಷ 3.6 ಮತ್ತು 3.4, ಆಮೇಲೆ 4.8, ಕೊರೊನಾ ವರ್ಷದಲ್ಲಿ 6.2, ನಂತರ 5.5, 6.7, 5.4. ಪ್ರತಿ ವರ್ಷದ ದರವನ್ನು ಮುಂದಿನ ವರ್ಷದ ಬಾಡಿಗೆಗೆ ಸೇರಿಸುತ್ತ ಬಂದರೆ ಕೊನೆಯ ವರ್ಷ 59,129 ರೂಪಾಯಿ. ಎರಡು ದಾರಿಗಳೂ 31 ರೂಪಾಯಿ ಅಂತರದಲ್ಲಿ ಬಂದು ನಿಂತವು.

ಆದರೆ ಬಾಡಿಗೆದಾರ ಕಟ್ಟಿದ ಒಟ್ಟು ಹಣ ಒಂದೇ ಅಲ್ಲ. 5ರ ಕರಾರಿನಲ್ಲಿ ಒಂಬತ್ತು ವರ್ಷಕ್ಕೆ ಸುಮಾರು 52.93 ಲಕ್ಷ, ಸೂಚ್ಯಂಕದ ಕರಾರಿನಲ್ಲಿ 52.13 ಲಕ್ಷ. ಮೊದಲ ನಾಲ್ಕು ಏರಿಕೆಗಳ ಹೊತ್ತಿನಲ್ಲಿ ಬೆಲೆ ಏರಿಕೆ 5ಕ್ಕಿಂತ ಕೆಳಗಿತ್ತು, ಹಾಗಾಗಿ ಸೂಚ್ಯಂಕದ ಬಾಡಿಗೆ ಹಿಂದೆ ಉಳಿದು ಕೊನೆಗೆ ಬಂದು ಸೇರಿಕೊಂಡಿತು. ಇನ್ನು “ಮೂರು ವರ್ಷಕ್ಕ ಹದಿನೈದು” ನೋಡಿ: 40,000, ನಂತರ 46,000, ಕೊನೆಯ ಮೂರು ವರ್ಷ 52,900. ಒಟ್ಟು ಸರಿಯಾಗಿ 50,00,400 ರೂಪಾಯಿ. ವರ್ಷಕ್ಕೆ 5ರ ಕರಾರಿಗಿಂತ 2.92 ಲಕ್ಷ ಕಡಿಮೆ! ಏರಿಕೆ ತಡವಾಗಿ ಬರುವುದು, ಚಕ್ರಬಡ್ಡಿಯಂತೆ ಬೆಳೆಯದಿರುವುದು, ಎರಡೂ ಕೂಡಿ ಮಾಲೀಕನಿಗೆ ಈ ಪೆಟ್ಟು ಕೊಡುತ್ತವೆ. ಕರಾರಿನಲ್ಲಿ “ಮೂಲ ಬಾಡಿಗೆಯ ಮೇಲೆ ಶೇ 5” ಎಂದು ಬರೆದಿದ್ದರೂ ಹೀಗೆಯೇ. ಆಗ ವರ್ಷಕ್ಕೆ ಬರೀ 2,000 ರೂಪಾಯಿ ಏರಿ, ಒಂಬತ್ತನೆಯ ವರ್ಷ 56,000ಕ್ಕೆ ನಿಲ್ಲುತ್ತದೆ, ಒಟ್ಟಿನಲ್ಲಿ ಒಂದು ಲಕ್ಷದ ಮೇಲೆ ಖೋತಾ. ಒಂದು ಪದದ ಬೆಲೆ ಸೂಚ್ಯಂಕ ಮತ್ತು ಐದು ಪರ್ಸೆಂಟಿನ ನಡುವಿನ ವ್ಯತ್ಯಾಸಕ್ಕಿಂತ ಹೆಚ್ಚು.

ಹಾಗಾದರೆ ಸೂಚ್ಯಂಕಕ್ಕೂ ನಿಗದಿತ ದರಕ್ಕೂ ಹೆಚ್ಚು ಭೇದವಿಲ್ಲ ಎಂದುಕೊಳ್ಳುವುದು ಅವಸರವಾದೀತು. 2016ರಿಂದ ರಿಸರ್ವ್ ಬ್ಯಾಂಕಿಗೆ ಶೇ 4ರ ಗುರಿ, 2ರಿಂದ 6ರ ಬೇಲಿ ಇದೆ. ಅದಕ್ಕೆ ಮುಂಚಿನ ಕಾಲ ಬೇರೆಯೇ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ 2007-08ರಲ್ಲಿ 133 ಇದ್ದದ್ದು 2015-16ರ ಹೊತ್ತಿಗೆ 265 ಆಗಿತ್ತು. 2008ರ ಏಪ್ರಿಲ್‌ನಲ್ಲಿ 40,000ಕ್ಕೆ ಕೊಟ್ಟ ಮಳಿಗೆ ಆ ಲೆಕ್ಕದಲ್ಲಿ ಒಂಬತ್ತನೆಯ ವರ್ಷ 80,000ದ ಹತ್ತಿರ ಹೋಗುತ್ತಿತ್ತು. 5ರ ಕರಾರು ಮಾಡಿಕೊಂಡಿದ್ದ ಮಾಲೀಕನಿಗೆ ಸಿಕ್ಕಿದ್ದು ಅದೇ 59,098. ನಿಗದಿತ ದರ ಎಂದರೆ ಮುಂದಿನ ಒಂಬತ್ತು ವರ್ಷದ ಹಣದುಬ್ಬರದ ಮೇಲೆ ಇಬ್ಬರೂ ಕಟ್ಟುವ ಪಣ. 2025ರ ಅಕ್ಟೋಬರ್‌ನಂತೆ ಹಣದುಬ್ಬರ ಶೇ 0.25ಕ್ಕೆ ಇಳಿದಾಗ ಅದೇ ಪಣದಲ್ಲಿ ಸೋಲುವವನು ಬಾಡಿಗೆದಾರ.

ಸೂಚ್ಯಂಕದ ದಾರಿ ಹಿಡಿದವರು ಎಡವುವುದು ಬೇರೆ ಕಡೆ. “ಹಣದುಬ್ಬರದಂತೆ ಬಾಡಿಗೆ ಏರತಕ್ಕದ್ದು” ಎಂದಷ್ಟೇ ಬರೆದರೆ ಯಾವ ಸೂಚ್ಯಂಕ ಎಂಬ ಜಗಳ ಖಚಿತ. ಗ್ರಾಹಕ ಬೆಲೆಯದ್ದೋ, ಸಗಟು ಬೆಲೆಯದ್ದೋ, ಕೈಗಾರಿಕಾ ಕಾರ್ಮಿಕರದ್ದೋ? ಮೂರೂ ಮೂರು ದಿಕ್ಕಿಗೆ ಹೋಗುವ ವರ್ಷಗಳುಂಟು. ಕೈಗಾರಿಕಾ ಕಾರ್ಮಿಕರ ಸೂಚ್ಯಂಕವನ್ನು ಲೇಬರ್ ಬ್ಯೂರೋ ಊರೂರಿನ ಕೇಂದ್ರಗಳಿಗೂ ಲೆಕ್ಕ ಹಾಕುತ್ತದೆ, ಹುಬ್ಬಳ್ಳಿ-ಧಾರವಾಡವೂ ಅಂಥ ಒಂದು ಕೇಂದ್ರ. ಹಾಗಂತ ನಮ್ಮೂರಿನದೇ ಅಂಕಿ ಇರಲಿ ಎನ್ನುವುದು ಅಭಿಮಾನದ ಮಾತು, ಕರಾರಿಗೆ ಒಗ್ಗುವುದಿಲ್ಲ. ಒಂದು ಊರಿನ ಅಂಕಿ ಅಖಿಲ ಭಾರತದ ಸರಾಸರಿಗಿಂತ ಹೆಚ್ಚು ಜಿಗಿದಾಡುತ್ತದೆ. ರೈಲ್ವೆ ನೌಕರರ ತುಟ್ಟಿಭತ್ಯೆ ಲೆಕ್ಕಕ್ಕೆ ಬಳಸುವ ಅಖಿಲ ಭಾರತ ಸೂಚ್ಯಂಕವೇ ಅಂಗಡಿಗೂ ಸಾಕು.

ಇನ್ನೊಂದು ಗುಂಡಿ ಆಧಾರ ವರ್ಷದ, ಅಂದರೆ ಸೂಚ್ಯಂಕವನ್ನು 100 ಎಂದು ಹಿಡಿಯುವ ವರ್ಷದ, ಬದಲಾವಣೆ. ಮೇಲಿನ ಕರಾರಿನಲ್ಲೇ “ಹೊಸ ಬಾಡಿಗೆ = 40,000 × ಈ ವರ್ಷದ ಜನವರಿ ಸೂಚ್ಯಂಕ ÷ 2016ರ ಜನವರಿ ಸೂಚ್ಯಂಕ” ಎಂಬ ಸೂತ್ರ ಇತ್ತು ಎನ್ನಿ. 2016ರ ಜನವರಿಯಲ್ಲಿ ಕೈಗಾರಿಕಾ ಕಾರ್ಮಿಕರ ಸೂಚ್ಯಂಕ 269. 2020ರ ಸೆಪ್ಟೆಂಬರ್‌ನಿಂದ ಆಧಾರ ವರ್ಷ 2001ರಿಂದ 2016ಕ್ಕೆ ಬದಲಾಯಿತು. ಆಗಸ್ಟ್‌ನಲ್ಲಿ 338 ಇದ್ದ ಅಂಕಿ ಮರುತಿಂಗಳು 118.1 ಎಂದು ಪ್ರಕಟವಾಯಿತು. 2021ರ ಜನವರಿಯ ಅಂಕಿ 118.2. ಸೂತ್ರಕ್ಕೆ ಹಾಗೆಯೇ ಹಾಕಿದರೆ ಬಾಡಿಗೆ 17,576 ರೂಪಾಯಿಗೆ ಇಳಿಯುತ್ತದೆ! ಹೊಸ ಅಂಕಿಯನ್ನು 2.88 ಎಂಬ ಜೋಡಣಾ ಗುಣಕದಿಂದ ಗುಣಿಸಿದರೆ ಹಳೆಯ ಸರಣಿಯ 340.4 ಬರುತ್ತದೆ, ಬಾಡಿಗೆ 50,620 ಆಗುತ್ತದೆ. ಬಾಡಿಗೆದಾರ ಇಳಿದ ಅಂಕಿಯನ್ನೇ ಹಿಡಿದು ಕೋರ್ಟಿಗೆ ಹೋದರೆ ಗೆಲ್ಲದಿರಬಹುದು, ಆದರೆ ಎರಡು ಮೂರು ವರ್ಷ ಕಾಡಲು ಅಷ್ಟು ಸಾಕು. ಊರಿನ ಕೇಂದ್ರದ ಅಂಕಿಗೆ ಕಟ್ಟಿದವರಿಗೆ ಇನ್ನೂ ಒಂದು ತೊಡಕು: ಪ್ರತಿ ಕೇಂದ್ರದ ಜೋಡಣಾ ಗುಣಕ ಬೇರೆ, ಅಲ್ಲಿಗೆ 2.88 ಹಾಕಿದರೆ ಲೆಕ್ಕ ತಪ್ಪು.

ತಿಂಗಳ ಆಯ್ಕೆಯೂ ಸಣ್ಣದಲ್ಲ. 2023ರ ಜುಲೈನಲ್ಲಿ ಟೊಮ್ಯಾಟೊ ಮುಗಿಲು ಮುಟ್ಟಿದಾಗ ಗ್ರಾಹಕ ಬೆಲೆ ಹಣದುಬ್ಬರ 7.44, ಅದರ ಹಿಂದಿನ ತಿಂಗಳು 5ರ ಒಳಗಿತ್ತು. ಕಾಯಿಪಲ್ಲೆ ದರ ಸೀರೆ ಅಂಗಡಿಯ ಬಾಡಿಗೆಗೆ ಸೇರುವುದು ವಿಚಿತ್ರ, ಆದರೆ ಸೂಚ್ಯಂಕದಲ್ಲಿ ಆಗ ಹೆಚ್ಚುಕಡಿಮೆ ಅರ್ಧ ಪಾಲು ಆಹಾರದ್ದೇ. ಮೊದಲ ಅಂಕಿಯಿಂದಲೇ ಅನುಪಾತ ತೆಗೆಯುವ ಕರಾರಿನಲ್ಲಿ ಇಂಥ ಜಿಗಿತ ಮರುವರ್ಷ ತಾನಾಗಿ ಇಳಿದುಹೋಗುತ್ತದೆ. ಆದರೆ “4ಕ್ಕಿಂತ ಕಡಿಮೆ ಇಲ್ಲ” ಎಂಬ ಕನಿಷ್ಠ ಮಿತಿಯನ್ನು ವರ್ಷ ವರ್ಷಕ್ಕೆ ಬೇರೆಯಾಗಿ ಹಾಕಿದರೆ ಏರಿದ್ದು ಪೂರ್ತಿ ಇಳಿಯುವುದಿಲ್ಲ: ಒಂದು ವರ್ಷ 7.44, ಮರುವರ್ಷ ನಿಜದಲ್ಲಿ 3.6 ಇದ್ದರೂ 4 ಕೊಡಲೇಬೇಕು. ಹನ್ನೆರಡು ತಿಂಗಳ ಸರಾಸರಿ ಹಿಡಿದರೆ ಇಂಥ ಜಿಗಿತದ ಪೆಟ್ಟು ಬಹಳ ತಗ್ಗುತ್ತದೆ.

ಒಂಬತ್ತು ವರ್ಷದ ಲೀಸ್ ಅಂದಮೇಲೆ ನೋಂದಣಿ ಕಡ್ಡಾಯ. ಬರೀ ಛಾಪಾ ಕಾಗದದ ಕರಾರಾದರೆ ಏರಿಕೆಯ ಷರತ್ತನ್ನು ಸಾಕ್ಷ್ಯವಾಗಿ ತೋರಿಸುವುದೇ ಕಷ್ಟ. ನೋಂದಾಯಿಸುವ ಪತ್ರದಲ್ಲಿ ಸೂಚ್ಯಂಕದ ಪೂರ್ಣ ಹೆಸರು, ಪ್ರಕಟಿಸುವ ಕಚೇರಿ, ಆಧಾರ ವರ್ಷ, ಶುರುವಿನ ಅಂಕಿ ಬರೆದಿರಬೇಕು. ಆಧಾರ ವರ್ಷ ಬದಲಾದರೆ ಅಧಿಕೃತ ಜೋಡಣಾ ಗುಣಕ ಬಳಸುವುದು ಎಂಬ ಒಂದು ಸಾಲೂ ಬೇಕು. ಏಪ್ರಿಲ್ 1ಕ್ಕೆ ಬಾಡಿಗೆ ಏರುವುದಾದರೆ ಮಾರ್ಚ್‌ವರೆಗಿನ ಅಂಕಿ ಬೇಡ, ಅದು ಆ ದಿನಕ್ಕೆ ಪ್ರಕಟವಾಗಿರುವುದೇ ಇಲ್ಲ. ಜನವರಿಗೆ ಮುಗಿಯುವ ಹನ್ನೆರಡು ತಿಂಗಳು ಹಿಡಿದರೆ ಫೆಬ್ರವರಿ ಕೊನೆಗೆ ಅಂಕಿ ಕೈಯಲ್ಲಿರುತ್ತದೆ, ಹೊಸ ಬಾಡಿಗೆಯ ಪತ್ರ ಕಳಿಸಲು ಒಂದು ತಿಂಗಳು ಉಳಿಯುತ್ತದೆ. ಪ್ರಕಟಣೆ ತಡವಾದರೆ ಹಳೆಯ ಬಾಡಿಗೆಯನ್ನೇ ಕೊಡುತ್ತಿದ್ದು, ಅಂಕಿ ಬಂದ ಮೇಲೆ ಬಾಕಿ ವ್ಯತ್ಯಾಸವನ್ನು ಬಡ್ಡಿಯಿಲ್ಲದೆ ಮುಂದಿನ ತಿಂಗಳ ಬಾಡಿಗೆಯ ಜೊತೆ ಕೊಡುವುದು ಎಂದೂ ಸೇರಿಸಿಕೊಳ್ಳಬೇಕು.